ದನಿ ಹೇಳಿದ್ದನ್ನೇ ಚಿತ್ರವೂ ಹೇಳುತ್ತಿತ್ತು

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದಕ್ಕೆ ಬರೆದಿದ್ದ 30 ಸೆಕೆಂಡಿನ ರೇಡಿಯೊ ಜಾಹೀರಾತನ್ನೇ ವಿಡಿಯೊ ಮಾಡಿದೆ. ‘ಹಬೆಯಾಡುವ ಇಡ್ಲಿ’ ಅಂದಾಗ ಇಡ್ಲಿ, ‘ಕರಗುವ ಬೆಣ್ಣೆ’ ಅಂದಾಗ ಬೆಣ್ಣೆ. ‘ಒಂದೇ ಮಾತು ಎರಡು ಸಲ ಕೇಳಿದಂಗಾಯ್ತಲ್ಲ ಸಾರ್’ ಅಂದರು ಮಾಲೀಕರು.

ಕಣ್ಣುಮುಚ್ಚಿ ಕೇಳಿದೆ, ಆಮೇಲೆ ಮ್ಯೂಟ್ ಮಾಡಿ ನೋಡಿದೆ. ಎರಡರಲ್ಲೂ ಸಿಕ್ಕಿದ್ದು ಒಂದೇ! ರೇಡಿಯೊದಲ್ಲಿ ಕಣ್ಣಿನ ಕೆಲಸವನ್ನೂ ಮಾತೇ ಮಾಡಬೇಕು, ಅದಕ್ಕೇ ಅಷ್ಟು ಬಣ್ಣನೆ. ಅದನ್ನೆಲ್ಲ ಹೊಡೆದುಹಾಕಿದೆ.

‘ಬೆಳಿಗ್ಗೆ ಐದಕ್ಕೇ ಒಲೆ ಹತ್ತುತ್ತೆ’ ಎಂಬ ಸಾಲಿಗೆ ಒಲೆ ತೋರಿಸಲಿಲ್ಲ. ಬಾಗಿಲು ತೆಗೆಯುವ ಮೊದಲೇ ಹೆದ್ದಾರಿ ಬದಿ ಕಾದು ನಿಂತ ಲಾರಿಗಳನ್ನು ತೋರಿಸಿದೆ. ಬೆಣ್ಣೆ ಕರಗುವ ಮೂರು ಸೆಕೆಂಡು ದನಿಯೇ ಇಲ್ಲ. ಫೋನ್ ನಂಬರ್ ಮಾತ್ರ ಎರಡೂ ಕಡೆ ಉಳಿಸಿದೆ. ಅದು ಒಂದೇ ಸಲ ಕೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ.