ಹನ್ನೊಂದು ಪುಟದ ಲೇಖನ, ಒಂಬತ್ತು ಸ್ಲೈಡ್

ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮೊದಲು ಮದುವೆ ಕಾರ್ಡು, ಸೊಸೈಟಿ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್ ಇಷ್ಟೇ ಇತ್ತು. ಈಗ ವಾರಕ್ಕೆ ಒಬ್ಬರಾದರೂ ಉದ್ದದ ಲೇಖನ ಹಿಡಿದು ಬರುತ್ತಾರೆ. ‘ಇದನ್ನ ಇನ್‌ಸ್ಟಾಗ್ರಾಂಗೆ ಕ್ಯಾರೋಸೆಲ್ ಮಾಡಿಕೊಡಿ’ ಅನ್ನುತ್ತಾರೆ. ಕ್ಯಾರೋಸೆಲ್ ಅಂದರೆ ಒಂದೇ ಪೋಸ್ಟಿನಲ್ಲಿ ಬೆರಳಿನಿಂದ ಸರಿಸುತ್ತಾ ನೋಡುವ ಸಾಲು ಸ್ಲೈಡುಗಳು. ಕೆಲವರು ತಾವೇ ಮಾಡಿಕೊಂಡೇ ಬಂದಿರುತ್ತಾರೆ. ಅಕ್ಷರ ದೊಡ್ಡದು ಮಾಡಿದರೆ ಸಾಕು ಅಂತ ಅವರ ಲೆಕ್ಕ. ನೋಡಿದರೆ ಲೇಖನದ ಎಲ್ಲ ವಿಷಯವೂ ಅದರಲ್ಲಿರುತ್ತದೆ, ಲೇಖಕ ಹೇಳಹೊರಟ ಮಾತು ಮಾತ್ರ ಇರುವುದಿಲ್ಲ.

ಹೋದ ಮಳೆಗಾಲದಲ್ಲಿ ಕುಮಟಾದಿಂದ ಒಬ್ಬ ಹುಡುಗ ಬಂದಿದ್ದ. ಕಗ್ಗದ ಬಗ್ಗೆ ಹನ್ನೊಂದು ಪುಟ ಬರೆದಿದ್ದ. ಕಗ್ಗ ಅಂದರೆ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಬೆಳೆಯುವ, ಉಪ್ಪುನೀರು ತಡೆಯುವ ಭತ್ತ. ಗಜನಿ ಅಂದರೆ ಉಪ್ಪುನೀರು ಬರುವ ಕಡೆ ಒಡ್ಡು ಕಟ್ಟಿ ಮಾಡಿಕೊಂಡ ತಗ್ಗಿನ ಗದ್ದೆಬಯಲು. ಲೇಖನ ಚೆನ್ನಾಗಿತ್ತು. ಅವನೇ ಮಾಡಿದ ಕ್ಯಾರೋಸೆಲ್ ಹತ್ತು ಸ್ಲೈಡಿನದು. ಮೊದಲನೆಯದರಲ್ಲಿ ಉಂಚಳ್ಳಿ ಜಲಪಾತದ ಫೋಟೊ. ಆಮೇಲೆ ‘ಅಘನಾಶಿನಿಗೆ ಅಣೆಕಟ್ಟೆಯೇ ಇಲ್ಲ’, ‘ಕಗ್ಗ ಉಪ್ಪು ತಡೆಯುತ್ತದೆ’, ‘ಗಜನಿಯಲ್ಲಿ ಮೀನೂ ಸಿಗುತ್ತದೆ’ ಹೀಗೆ. ಕೊನೆಯಲ್ಲಿ ‘ಕಗ್ಗ ಉಳಿಸೋಣ’. ಅವನ ಲೇಖನ ಹೇಳಿದ್ದು ಇದನ್ನಲ್ಲ. ಆ ಒಂದು ಕೇಸನ್ನೇ ಇಟ್ಟುಕೊಂಡು ನಾನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಒಂದು: ಮುದ್ರಿಸಿ, ಪೆನ್ನು ಹಿಡಿಯಿರಿ

ಪರದೆಯ ಮೇಲೆ ಈ ಕೆಲಸ ಮಾಡಬೇಡಿ. ಲೇಖನ ಪ್ರಿಂಟ್ ತೆಗೆಯಿರಿ. ಪ್ರತಿ ಪ್ಯಾರಾದ ಪಕ್ಕ, ಆ ಪ್ಯಾರಾ ಏನು ಕೆಲಸ ಮಾಡುತ್ತಿದೆ ಅಂತ ಒಂದೇ ಪದ ಬರೆಯಿರಿ: ಮಾತು, ಕಾರಣ, ಪುರಾವೆ, ಎದುರುಮಾತು, ಅಲಂಕಾರ. ಅದರಲ್ಲಿ ಏನಿದೆ ಅಂತ ಬರೆಯಬೇಡಿ. ‘ಅಣೆಕಟ್ಟೆ’ ಅಂತ ಬರೆದರೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ‘ಅಲಂಕಾರ’ ಅಂತ ಬರೆದರೆ ಸಲೀಸಾಗಿ ಬಿಡಬಹುದು. ಅಘನಾಶಿನಿ ನಮ್ಮ ಶಿರಸಿಯ ಕಡೆಯೇ ಹುಟ್ಟುವ ನದಿ, ಅದಕ್ಕೆ ಅಣೆಕಟ್ಟೆ ಇಲ್ಲ ಅನ್ನುವುದು ನನಗೂ ಹೆಮ್ಮೆಯೇ. ಆದರೆ ಆ ಪ್ಯಾರಾ ತೆಗೆದರೂ ಕಗ್ಗದ ವಾದ ಅಲುಗಾಡಲಿಲ್ಲ. ಹಾಗಾಗಿ ಹೋಯಿತು.

ಎರಡು: ಮಾತನ್ನು ಹುಡುಕುವುದು

ಜನ ಎಡವುವುದು ಇಲ್ಲೇ. ಉಪಶೀರ್ಷಿಕೆಗೆ ಒಂದು ಸ್ಲೈಡ್ ಅಂತ ಹಂಚಿಬಿಡುತ್ತಾರೆ. ಉಪಶೀರ್ಷಿಕೆಗಳು ವಿಷಯದ ಪಟ್ಟಿ, ವಾದ ಅಲ್ಲ. ವಾದ ಇರುವುದು ಒಂದು ಪ್ಯಾರಾದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ. ‘ಆದರೆ’, ‘ಹಾಗಾಗಿ’, ‘ಯಾಕೆಂದರೆ’ ಇರುತ್ತವಲ್ಲ, ಅಲ್ಲಿ. ಸ್ಲೈಡಿಗೆ ಹಾಕುವಾಗ ನಾವು ಮೊದಲು ಕತ್ತರಿಸುವುದೂ ಅವುಗಳನ್ನೇ.

ಹುಡುಗನನ್ನು ಕೇಳಿದೆ: ‘ತಮ್ಮಾ, ಇದನ್ನು ಓದಿದವ ಯಾವ ನಂಬಿಕೆ ಬಿಡಬೇಕು?’

‘ಯಾವುದೂ ಬಿಡೋದು ಬೇಡ ಅಣ್ಣಾ, ಕಗ್ಗದ ಬಗ್ಗೆ ಗೊತ್ತಾದ್ರೆ ಸಾಕು’ ಅಂದ.

‘ಹಾಗಾದ್ರೆ ಎಂಟನೇ ಪುಟದಲ್ಲಿ ಅಷ್ಟು ಸಿಟ್ಟು ಯಾಕೆ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಬೀಜ ತಂದು ಡಬ್ಬಿಯಲ್ಲಿಟ್ಟರೆ ಕಗ್ಗ ಉಳೀತು ಅಂತ ಎಲ್ಲ ತಿಳ್ಕೊಂಡಿದ್ದಾರೆ. ಒಡ್ಡು ಕಾಯೋ ಒಗ್ಗಟ್ಟು ಇಲ್ದೇ ಬೀಜ ಇಟ್ಕೊಂಡು ಏನ್ ಮಾಡ್ತಾರೆ?’

ಅದೇ ಅವನ ಮಾತು. ಹನ್ನೊಂದು ಪುಟದಲ್ಲಿ ಎಲ್ಲೂ ಅಷ್ಟು ನೇರವಾಗಿ ಬರೆದಿರಲಿಲ್ಲ. ನಾನು ಅದನ್ನು ‘ಅಲ್ಲ’ ಇರುವ ಒಂದೇ ವಾಕ್ಯ ಮಾಡಿ ಬರೆದುಕೊಂಡೆ: ಕಗ್ಗ ಕಡಿಮೆಯಾಗಲು ದೊಡ್ಡ ಕಾರಣ ಬೀಜ ಸಿಗದಿರುವುದಲ್ಲ, ಗಜನಿಯ ಒಡ್ಡನ್ನು ಕೂಡಿ ನಡೆಸುವ ಪದ್ಧತಿ ಸಡಿಲವಾದದ್ದು. ‘ಅಲ್ಲ’ ಹಾಕಲು ಬರದಿದ್ದರೆ ಅದು ವಾದ ಅಲ್ಲ, ಬರೀ ವಿಷಯ. ಅಂಥ ಲೇಖನಕ್ಕೆ ಫೋಟೊ ಆಲ್ಬಮ್ ಸಾಕು.

ಇನ್ನು ಆ ವಾಕ್ಯದಿಂದ ಹಿಂದಕ್ಕೆ ನಡೆಯಬೇಕು. ಇದನ್ನು ಒಪ್ಪಲು ಓದುಗನಿಗೆ ಏನೇನು ಗೊತ್ತಿರಬೇಕು? ಒಡ್ಡು ಎಲ್ಲರಿಗೂ ಸೇರಿದ್ದು ಅಂತ ಗೊತ್ತಿರಬೇಕು. ಅದು ತಿಳಿಯಬೇಕಾದರೆ ಗಜನಿ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು. ಹೀಗೆ ಹಿಂದೆ ಹೋದಾಗ ಸರಪಳಿ ತಾನೇ ಸಿಕ್ಕಿತು. ಹಾಗಾಗಿ ನಾನು ಕೊನೆಯ ಸ್ಲೈಡ್ ಮೊದಲು ಬರೆಯುತ್ತೇನೆ, ಮುಖಪುಟ ಎಲ್ಲಕ್ಕಿಂತ ಆಮೇಲೆ. ಬೇರೆಯವರು ಉಲ್ಟಾ ಹೇಳುತ್ತಾರೆ. ಹೇಳಲಿ.

ಕೊನೆಗೆ ಬಂದದ್ದು ಹೀಗೆ. ಎರಡನೇ ಸ್ಲೈಡ್: ‘ಕಗ್ಗ ಉಪ್ಪುನೀರು ತಡೆಯುವ ಭತ್ತ. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಬೆಳೆಯುತ್ತದೆ.’ ಮೂರು: ‘ಮಳೆಗಾಲದಲ್ಲಿ ಭತ್ತ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿ ಒಳಬರುತ್ತವೆ.’ ನಾಲ್ಕು: ‘ಗದ್ದೆ ಬೇರೆ ಬೇರೆ, ಒಡ್ಡು ಒಂದೇ. ಹಾಗಾಗಿ ಬಾಗಿಲು ಯಾವಾಗ ಮುಚ್ಚಬೇಕು ಅಂತ ಎಲ್ಲರೂ ಕೂಡಿಯೇ ನಿರ್ಧರಿಸಬೇಕು.’ ಐದು: ‘ಆದರೆ 1990ರ ದಶಕದಲ್ಲಿ ಸಿಗಡಿ ಸಾಕಣೆಯ ಅಲೆ ಬಂತು. ಸಿಗಡಿಗೆ ಉಪ್ಪುನೀರು ಒಳಗೆ ಬೇಕು, ಭತ್ತಕ್ಕೆ ಹೊರಗಿರಬೇಕು.’ ಆರು: ‘ಹಾಗಾಗಿ ಕೆಲವು ಗಜನಿಗಳಲ್ಲಿ, ಬೀಜ ಇದ್ದವನಿಗೂ ಬಿತ್ತಲು ಆಗಲಿಲ್ಲ.’

ಈಗ ಪರೀಕ್ಷೆ. ಸ್ಲೈಡುಗಳನ್ನು ಗಟ್ಟಿಯಾಗಿ ಓದಿ, ಎರಡರ ನಡುವೆ ಯಾವ ಪದ ಬರುತ್ತದೆ ನೋಡಿ. ‘ಆದರೆ’ ಅಥವಾ ‘ಹಾಗಾಗಿ’ ಕೂತರೆ ಸರಿ. ‘ಮತ್ತೆ ಇನ್ನೊಂದು ವಿಷಯ’ ಅಂತ ಮಾತ್ರ ಕೂರುವುದಾದರೆ ಅಲ್ಲಿ ಕೊಂಡಿ ಕಳಚಿದೆ. ಇನ್ನೂ ಕಟುವಾದ ಪರೀಕ್ಷೆ: ಸ್ಲೈಡುಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲೆಸಿ, ವಿಷಯ ಗೊತ್ತಿಲ್ಲದವರಿಗೆ ಜೋಡಿಸಲು ಕೊಡಿ. ಹುಡುಗನ ಮೊದಲಿನ ಹತ್ತನ್ನು ಹೇಗೆ ಜೋಡಿಸಿದರೂ ನಡೆಯುತ್ತಿತ್ತು. ಹೊಸದನ್ನು ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗಿ ಸರಿಯಾಗಿಯೇ ಜೋಡಿಸಿದಳು. ಎರಡು ಮತ್ತು ಮೂರು ಮಾತ್ರ ಅದಲುಬದಲಾಗಿತ್ತು. ಅದರಿಂದ ನಷ್ಟವಿಲ್ಲ.

ಇಲ್ಲಿ ಎರಡು ಕಡೆ ಕತ್ತರಿ ನಿಲ್ಲಿಸಬೇಕು. ಒಂದು, ‘ಕೆಲವು’. ಆರನೇ ಸ್ಲೈಡಿನಲ್ಲಿ ಆ ಪದ ತೆಗೆದರೆ ಸಾಲು ಖಡಕ್ಕಾಗುತ್ತದೆ, ನಿಜ. ಜೊತೆಗೆ ಸುಳ್ಳೂ ಆಗುತ್ತದೆ. ಮಾಣಿಕಟ್ಟಾ ಕಡೆ ಕಗ್ಗ ಬೆಳೆಯುವವರು ಕಮೆಂಟಿನಲ್ಲಿ ಬಂದು ‘ನಮ್ಮ ಗದ್ದೆ ಕಾಣಲಿಲ್ವಾ?’ ಅಂದರೆ ಇಡೀ ವಾದ ಕುಸಿಯುತ್ತದೆ. ಉದ್ದದ ಲೇಖನದಲ್ಲಿ ಇಂಥ ಎಚ್ಚರಿಕೆಗೆ ಒಂದು ಪ್ಯಾರಾ ಇರುತ್ತದೆ. ಸ್ಲೈಡಿನಲ್ಲಿ ಅದು ಒಂದು ಪದವಾಗಿ ಉಳಿಯಬೇಕು.

ಇನ್ನೊಂದು, ಎದುರುಮಾತು. ಜಾಗ ಇಲ್ಲ ಅಂತ ಮೊದಲು ಇದನ್ನೇ ಬಿಡುತ್ತಾರೆ. ಬಿಡಬೇಡಿ. ಓದುಗನ ತಲೆಯಲ್ಲಿ ಏಳುವ ಅತಿ ದೊಡ್ಡ ಪ್ರಶ್ನೆ ಒಂದೇ ಒಂದು ಆರಿಸಿ. ನಮ್ಮದು: ‘ಇಳುವರಿ ಕಡಿಮೆ ಅಂತ ಬಿಟ್ಟಿದ್ದಲ್ವಾ?’ ಹುಡುಗ ಇದನ್ನು ಪ್ರಶ್ನೆಗೊಂದು, ಉತ್ತರಕ್ಕೊಂದು ಅಂತ ಎರಡು ಸ್ಲೈಡ್ ಮಾಡಿದ್ದ. ಹಾಗೆ ಮಾಡಲೇಬಾರದು. ಜನ ಒಂದೇ ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಆಗ ನೀವು ಅಲ್ಲಗಳೆಯಲು ಬರೆದದ್ದೇ ನಿಮ್ಮ ಹೆಸರಿನಲ್ಲಿ ಓಡಾಡುತ್ತದೆ. ಏಳನೇ ಸ್ಲೈಡಿನಲ್ಲಿ ಎರಡನ್ನೂ ಕೂಡಿಸಿದೆವು: ‘ಕಗ್ಗದ ಇಳುವರಿ ಕಡಿಮೆ, ನಿಜ. ಆದರೆ ಹೆಚ್ಚು ಇಳುವರಿಯ ಸಾಮಾನ್ಯ ತಳಿಗಳು ಈ ಉಪ್ಪಿನಲ್ಲಿ ನಿಲ್ಲುವುದೇ ಇಲ್ಲ.’ ಎಂಟನೆಯದು ಅವನ ಮಾತು: ‘ಬೀಜ ಡಬ್ಬಿಯಲ್ಲಿ ಉಳಿಯಬಹುದು. ಗದ್ದೆಯಲ್ಲಿ ಉಳಿಯಲು ಒಡ್ಡು ಕೂಡಿ ಕಾಯುವವರು ಬೇಕು.’ ಒಂಬತ್ತರಲ್ಲಿ ಪೂರ್ತಿ ಲೇಖನ ಎಲ್ಲಿದೆ ಅಂತ.

ಮುಖಪುಟಕ್ಕೆ ಆಗ ಹೆಚ್ಚು ಯೋಚಿಸಬೇಕಾಗಲಿಲ್ಲ. ‘ಬೀಜ ಉಳಿಸಿದರೆ ಕಗ್ಗ ಉಳಿಯುತ್ತದೆಯೇ?’ ಉಂಚಳ್ಳಿ ಫೋಟೊ ತೆಗೆದು ಗಜನಿಯ ಒಡ್ಡಿನದು ಹಾಕಿದೆವು. ಬಿಟ್ಟುಹೋದ ಪುರಾವೆ, ಬಿಳಿಚುಕ್ಕೆ ರೋಗ ಬಂದು ಸಿಗಡಿ ಸಾಕಣೆಯೂ ಸೋತ ಕಥೆ, ಎಲ್ಲ ಕ್ಯಾಪ್ಷನ್‌ಗೆ ಹೋಯಿತು. ಅಲ್ಲಿ 2,200 ಅಕ್ಷರದವರೆಗೆ ಜಾಗ ಇದೆ. ಕ್ಯಾಪ್ಷನ್‌ನಲ್ಲಿ ಹಾಕಿದ ಕೊಂಡಿ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಪ್ರೊಫೈಲಿನಲ್ಲಿ ಹಾಕಿ.

ಮೂರು: ಅಳತೆ

1080×1350 ಪಿಕ್ಸೆಲ್. ಎಲ್ಲ ಸ್ಲೈಡೂ ಅದೇ ಅಳತೆ. ಮೊದಲನೆಯದು ಬೇರೆ ಇದ್ದರೆ ಉಳಿದವುಗಳ ಅಂಚು ಕತ್ತರಿಸಿಹೋಗುತ್ತದೆ. 2024ರಿಂದ ಇಪ್ಪತ್ತು ಸ್ಲೈಡಿಗೆ ಅವಕಾಶ ಇದೆ. ನನ್ನ ಅಂಗಡಿಯಲ್ಲಿ ಹತ್ತು ದಾಟಿಸುವುದಿಲ್ಲ. ಇಪ್ಪತ್ತು ಬೇಕು ಅನ್ನುವವರಿಗೆ ಇನ್ನೂ ತಮ್ಮ ಮಾತು ಸಿಕ್ಕಿಲ್ಲ ಅಂತ ಅರ್ಥ.

ನಾಲ್ಕು: ಕನ್ನಡ ಅಕ್ಷರ

ಇಂಗ್ಲಿಷಿನ ಸಲಹೆಗಳು ಇಲ್ಲಿ ಕೈಕೊಡುತ್ತವೆ. ‘ಸ್ಲೈಡಿಗೆ ನಲವತ್ತು ಪದ’ ಅಂದರೆ ನಮಗೆ ಜಾಸ್ತಿಯಾಯಿತು. ‘ನಿರ್ಧರಿಸಬೇಕಾಗುತ್ತದೆ’ ಅನ್ನುವ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಇಪ್ಪತ್ತು ಪದಕ್ಕೆ ನಿಲ್ಲಿಸಿ. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಕ್ಯಾನ್ವಾಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ, ತಪ್ಪುವುದು ಅಲ್ಲೇ ಜಾಸ್ತಿ. ಹಳೆಯ ಆವೃತ್ತಿಯ ಫೋಟೊಶಾಪಿನಲ್ಲಿ ಒತ್ತಕ್ಷರ ಬಿಡಿ ಬಿಡಿಯಾಗಿ ನಿಂತರೆ ಫಾಂಟಿನ ತಪ್ಪಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ `World-Ready Layout` ಆರಿಸಿ. ‘ನೋಟೊ ಸ್ಯಾನ್ಸ್ ಕನ್ನಡ’ ಫಾಂಟ್ ಸಾಕು, ‘ಬಲೂ ತಮ್ಮ’ ಫಾಂಟ್ ಮುಖಪುಟಕ್ಕೆ ಚೆನ್ನ. ಪುಕ್ಕಟೆ ಸಿಗುವ ಅಲಂಕಾರದ ಫಾಂಟುಗಳನ್ನು ಮುಟ್ಟಬೇಡಿ, ಕೆಲವದರಲ್ಲಿ ‘ಕ್ಷ್ಮ’ ಬರೆದು ನೋಡಿದರೆ ಅಲ್ಲೇ ಬಣ್ಣ ಬಯಲಾಗುತ್ತದೆ.

ಬಣ್ಣ, ಬಾಣದ ಗುರುತು, ‘ಸ್ವೈಪ್ ಮಾಡಿ’ ಅನ್ನುವ ಸಾಲು ನಿಮ್ಮಿಷ್ಟ. ನಾನು ಹಾಕುವುದಿಲ್ಲ.

ಐದು: ಹಾಕುವ ಮೊದಲು

ಲೇಖನ ಬರೆದವರ ಕೈಗೆ ಕೊಟ್ಟು ಓದಿಸಬೇಡಿ, ಅವರ ತಲೆಯಲ್ಲಿ ಹನ್ನೊಂದೂ ಪುಟ ಇರುತ್ತದೆ. ಬೇರೊಬ್ಬರಿಗೆ ಮೊಬೈಲಿನಲ್ಲೇ ತೋರಿಸಿ, ಫೋನ್ ವಾಪಸ್ ತೆಗೆದುಕೊಂಡು ‘ಏನು ಹೇಳ್ತಿದಾರೆ?’ ಅಂತ ಕೇಳಿ. ‘ಕಗ್ಗ ಉಪ್ಪಿನಲ್ಲಿ ಬೆಳೆಯುತ್ತಂತೆ’ ಅಂದರೆ ಎರಡನೇ ಹಂತಕ್ಕೆ ವಾಪಸ್. ನಮ್ಮದನ್ನು ಓದಿದ ಝೆರಾಕ್ಸ್ ಅಂಗಡಿಯ ಹುಡುಗಿ, ‘ಬಾಗಿಲು ಯಾರು ಮುಚ್ಚಬೇಕು ಅಂತ ಜಗಳ ಅಲ್ವಾ?’ ಅಂದಳು. ಹುಡುಗ ಅಲ್ಲೇ ಕೂತು ಅಪ್‌ಲೋಡ್ ಮಾಡಿ, ನಾಲ್ಕೂವರೆಯ ಕುಮಟಾ ಬಸ್ಸು ಹಿಡಿದ.