21,000 ಒಂದು ಮಿತಿ, 7,000 ಇನ್ನೊಂದು: ನಾನು 2023-24ರ ಬೋನಸ್ ಲೆಕ್ಕ ಹಾಕಿದ ರೀತಿ

ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಆಯುಧ ಪೂಜೆ ಹತ್ತಿರ ಬಂತೆಂದರೆ ಎಲ್ಲರೂ ಕೇಳುವುದು ಬೋನಸ್ ಬಗ್ಗೆ. 2023-24ರ ಲೆಕ್ಕದಲ್ಲಿ ಒಬ್ಬ ಮೆಷಿನ್ ಆಪರೇಟರ್ ಹೆಸರು ಪಟ್ಟಿಯಲ್ಲೇ ಇರಲಿಲ್ಲ. 'ಅವನ ತಿಂಗಳ ಸಂಬಳ 22,500, ಬೋನಸ್ ಸಿಗಲು ಮಿತಿ 21,000 ಅಲ್ವಾ' ಎಂದರು ಮೇಲಿನವರು.

ನಾನು ಅವನ ಸಂಬಳದ ಚೀಟಿ ತೆಗೆದು ತೋರಿಸಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1965ರ ಬೋನಸ್ ಕಾಯ್ದೆಯಲ್ಲಿ ಸಂಬಳ ಎಂದರೆ ಬೇಸಿಕ್ ಮತ್ತು ಡಿಎ ಮಾತ್ರ ಆಗಿತ್ತು; ಇಲ್ಲಿ ಹೇಳುವ ನಿಯಮಗಳೆಲ್ಲ ಆ ಕಾಯ್ದೆಯವು. ಮನೆ ಬಾಡಿಗೆ ಭತ್ಯೆ, ಓಟಿ ಸೇರುತ್ತಿರಲಿಲ್ಲ. ಅವನ ಬೇಸಿಕ್, ಡಿಎ ಸೇರಿ 16,000. ವರ್ಷದಲ್ಲಿ 30 ದಿನ ದುಡಿದಿದ್ದರೂ ಸಾಕು, ಅವನಿಗೆ ಬೋನಸ್ ಕೊಡಲೇಬೇಕು.

ಹೆಸರು ಸೇರಿತು. ಆಮೇಲೆ 7,000ದ ಮೇಲೆ ಲೆಕ್ಕ ಹಾಕಿ ಎಂದರು. ಬಹಳ ಕಡೆ ಕಾರ್ಮಿಕರ ದುಡ್ಡು ಹೋಗುವುದು ಇಲ್ಲೇ. ಬೋನಸ್‌ಗೆ ಹಿಡಿಯುವ ತಿಂಗಳ ಸಂಬಳದ ಮಿತಿಯ ಬಗ್ಗೆ ಆ ಕಾಯ್ದೆಯ 2015ರ ತಿದ್ದುಪಡಿ ಹೇಳಿದ್ದು ಹೀಗೆ: 7,000 ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಸುಲಭವಾಗಲಿ ಅಂತ ಆ ಕನಿಷ್ಠ ವೇತನ 14,000 ಎಂದಿಟ್ಟುಕೊಳ್ಳಿ. ಅವನ ಸಂಬಳ 16,000 ಇದ್ದರೂ ಬೋನಸ್‌ಗೆ ಹಿಡಿಯುವುದು 14,000. ವರ್ಷಕ್ಕೆ 1,68,000. ಅದರ 8.33% ಅಂದರೆ 13,994 ರೂಪಾಯಿ. 7,000 ಹಿಡಿದರೆ ಬರೀ 6,997. ಅರ್ಧಕ್ಕರ್ಧ ಕಡಿಮೆ! ಅದಕ್ಕೇ ನಾನು ಮೊದಲು ಕನಿಷ್ಠ ವೇತನದ ಅಧಿಸೂಚನೆ ತೆಗೆದು, ಪ್ರತಿಯೊಬ್ಬರ ಹುದ್ದೆಯ ಎದುರು ಆ ಮೊತ್ತ ಬರೆದುಕೊಳ್ಳುತ್ತೇನೆ.

8.33% ಕನಿಷ್ಠ ದರ. ಆ ವರ್ಷ ನಷ್ಟವಾಗಿದ್ದರೂ ಇಷ್ಟು ಕೊಡಬೇಕು. (ಹೊಸದಾಗಿ ಶುರುವಾದ ಸಂಸ್ಥೆಗೆ ಮಾತ್ರ ಮೊದಲ ಕೆಲವು ವರ್ಷ ವಿನಾಯಿತಿ ಇದೆ.) ಲಾಭ ಇದ್ದರೆ, ಕಾಯ್ದೆಯ ಪ್ರಕಾರ ಹಂಚಬೇಕಾದ ಮೊತ್ತವನ್ನು ಎಲ್ಲರ ಬೋನಸ್ ಸಂಬಳದ ಒಟ್ಟು ಮೊತ್ತಕ್ಕೆ ಹೋಲಿಸುತ್ತೇನೆ. ಹಂಚಬೇಕಾದದ್ದು 6 ಲಕ್ಷ, ಒಟ್ಟು ಸಂಬಳ 60 ಲಕ್ಷ ಆದರೆ ದರ 10%. 20% ದಾಟುವಂತಿಲ್ಲ. ಉಳಿದದ್ದನ್ನು ಮುಂದಿನ ವರ್ಷಗಳ ಲೆಕ್ಕಕ್ಕೆ ಒಯ್ಯಬೇಕು.

ಕೊನೆಗೆ ಹಾಜರಿ ನೋಡುತ್ತೇನೆ. ಗೈರಾದ ದಿನಗಳಿಗೆ ತಕ್ಕಂತೆ ಬೋನಸ್ ಇಳಿಯುತ್ತದೆ. ಆದರೆ ಸಂಬಳ ಸಹಿತ ರಜೆ, ಸಂಬಳ ಸಹಿತ ಹೆರಿಗೆ ರಜೆ, ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿದ್ದ ದಿನ, ಇವೆಲ್ಲ ದುಡಿದ ದಿನಗಳೇ. ಹಾಜರಿಯ ಸಾಫ್ಟ್‌ವೇರ್ ಇವನ್ನು ಸುಮ್ನೆ ಗೈರು ಎಂದು ತೋರಿಸುವುದುಂಟು. ಹಾಗಾಗಿ ಹೆರಿಗೆ ರಜೆ ಮುಗಿಸಿ ಬಂದವರ ಲೆಕ್ಕವನ್ನು ನಾನು ಕೈಯಲ್ಲೇ ಮಾಡುತ್ತೇನೆ.

ಮಾರ್ಚ್‌ಗೆ ಮುಗಿದ ವರ್ಷದ ಬೋನಸ್ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ ಕೈಸೇರಬೇಕು. ಹಬ್ಬಕ್ಕೆ ಮುಂಚಿತವಾಗಿ ಬೋನಸ್ ಎಂದೇ ಕೊಟ್ಟ ದುಡ್ಡಿದ್ದರೆ ಅಷ್ಟನ್ನು ಕಳೆದು ಬಾಕಿ ಕೊಡಬಹುದು. ಆ ಆಪರೇಟರ್‌ಗೆ ಹಬ್ಬಕ್ಕೆ 5,000 ಕೊಟ್ಟಿದ್ದರೆ, ಮೇಲಿನ ಲೆಕ್ಕದಲ್ಲಿ ಇನ್ನೂ 8,994 ಬರಬೇಕು.