ತಡ ನೋಂದಣಿ ಹೆಚ್ಚಿರುವ ಸಮ್ಮೇಳನಕ್ಕೆ ಬ್ಯಾಡ್ಜ್: ಸ್ಥಳದಲ್ಲಿ ಹೆಸರು ಮಾತ್ರ ಪ್ರಿಂಟ್ ಮಾಡಿ

ಲೋಗೋ, ದಿನಾಂಕ ಇರುವ ಬಣ್ಣದ ಕಾರ್ಡ್‌ಗಳನ್ನು ಪ್ರೆಸ್‌ನಲ್ಲಿ ಮೊದಲೇ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಡಿ. ಅಲ್ಲಿಗೆ ಥರ್ಮಲ್ ಪ್ರಿಂಟರ್‌ನ 100×50 ಮಿ.ಮೀ. ಸ್ಟಿಕ್ಕರ್ ಅಂಟಿಸಿದರಾಯಿತು. ಪ್ರತಿನಿಧಿ, ಭಾಷಣಕಾರ ಎಂಬ ಭೇದವನ್ನು ಕಾರ್ಡ್‌ನಲ್ಲಿ ತೋರಿಸಬೇಡಿ, ಕೊರಳ ಪಟ್ಟಿಯ ಬಣ್ಣದಲ್ಲಿ ತೋರಿಸಿ. ಆಗ ಒಂದು ಬಗೆಯ ಕಾರ್ಡ್ ಮುಗಿದು ಇನ್ನೊಂದು ರಾಶಿ ಉಳಿಯುವ ಪೇಚಾಟ ಇರುವುದಿಲ್ಲ.

ಸಾಲು ಬೆಳೆಯುವುದು ಪ್ರಿಂಟರ್‌ನಿಂದಲ್ಲ, ಟೈಪಿಂಗ್‌ನಿಂದ. ತಡವಾಗಿ ಬಂದವರು 300 ಮಂದಿ ಎನ್ನಿ. ಹೆಸರು ಕೇಳಿ ಟೈಪ್ ಮಾಡಲು ತಲಾ ಒಂದು ನಿಮಿಷವಾದರೆ ಒಂದು ಕೌಂಟರ್‌ಗೆ 5 ಗಂಟೆ. ಕ್ಯೂಆರ್ ಫಾರ್ಮ್‌ನಲ್ಲಿ ಅವರೇ ಹೆಸರು ತುಂಬಿ ಬಂದರೆ ಹುಡುಕಿ, ಪ್ರಿಂಟ್ ಕೊಟ್ಟು, ಅಂಟಿಸಲು 15 ಸೆಕೆಂಡ್ ಹಿಡಿಯಿರಿ. ಎರಡು ಕೌಂಟರ್‌ಗಳಲ್ಲಿ 40 ನಿಮಿಷದೊಳಗೆ ಮುಗಿಯುತ್ತದೆ. ಮೊದಲೇ ನೋಂದಾಯಿಸಿದವರ ಬ್ಯಾಡ್ಜ್ ಹಿಂದಿನ ರಾತ್ರಿಯೇ ಅಕಾರಾದಿಯಲ್ಲಿ ಜೋಡಿಸಿಟ್ಟು, ಬೇರೆ ಮೇಜಿನಲ್ಲಿ ಕೊಡಿ.

ಕನ್ನಡ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಅನೇಕ ಲೇಬಲ್ ಪ್ರಿಂಟರ್‌ಗಳ ಒಳಗಿನ ಫಾಂಟ್‌ಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಲಕ್ಷ್ಮಿ’ ಒಡೆದು ಬಿಡಿ ಅಕ್ಷರಗಳಾಗುತ್ತದೆ, ಇಲ್ಲವೇ ಬರೀ ಚೌಕಗಳು. ಕಂಪ್ಯೂಟರಿನಲ್ಲೇ ಲೇಬಲ್ಲನ್ನು ಚಿತ್ರವಾಗಿಸಿ ಕಳಿಸಿ. 203 ಡಿಪಿಐ ಪ್ರಿಂಟರ್‌ಗೆ 800×400 ಪಿಕ್ಸೆಲ್ ಸಾಕು. ಒತ್ತಿನ ಬಾಲ ಕತ್ತರಿಸಿಹೋಗದಂತೆ ಸಾಲಿನ ಕೆಳಗೆ ಜಾಗ ಬಿಡಿ. ಪರೀಕ್ಷೆಗೆ ‘ರವಿ’ ಬೇಡ, ‘ಲಕ್ಷ್ಮೀನರಸಿಂಹಸ್ವಾಮಿ’ ಹಾಕಿ ನೋಡಿ.

ಹೆಸರು ಒಂದೊಂದು ಲೇಬಲ್‌ಗೂ ಸ್ವಲ್ಪಸ್ವಲ್ಪ ಜಾರುತ್ತಿದ್ದರೆ ರೋಲ್ ಬದಲಿಸಿದ ಮೇಲೆ, ಲೇಬಲ್ ಎಲ್ಲಿ ಮುಗಿಯುತ್ತದೆಂದು ಪ್ರಿಂಟರ್ ಗುರುತಿಸಿಕೊಳ್ಳುವ ಕ್ಯಾಲಿಬ್ರೇಷನ್ ಮಾಡಿಲ್ಲವೆಂದೇ ಮೊದಲು ಅನುಮಾನಿಸಿ.